ಸರ್ವರ್ ರೂಮಲ್ಲಿ ಎರಡು ಎಸಿ ಇದ್ರೂ ರಾತ್ರಿ 43 ಡಿಗ್ರಿ ಆಯ್ತು, ಸ್ಟ್ಯಾಂಡ್‌ಬೈ ಎಸಿ ಯಾಕೆ ಕೈ ಕೊಡ್ತು?

ದಾವಣಗೆರೆ_ಸಿಸ್ಟಂ

ಎಲ್ರಿಗೂ ನಮಸ್ಕಾರ, ನಾನು ದಾವಣಗೆರೆ ಕಡೆ ಒಂದು ಕಾಲೇಜಲ್ಲಿ ಸಿಸ್ಟಂ ಅಡ್ಮಿನ್. ನಮ್ಮ ಸರ್ವರ್ ರೂಮ್ ಅಂದ್ರೆ ದೊಡ್ಡದೇನಲ್ಲ, 10 ಅಡಿಗೆ 12 ಅಡಿ, ಒಂದೇ ರ್‍ಯಾಕ್, ಯುಪಿಎಸ್ ಡಿಸ್‌ಪ್ಲೇಲಿ ಲೋಡ್ 2.8 ಕಿಲೋವ್ಯಾಟ್ ತೋರಿಸುತ್ತೆ. ಒಂದೂವರೆ ಟನ್ನಿನ ಎರಡು ಸ್ಪ್ಲಿಟ್ ಎಸಿ ಇದಾವೆ, ಇನ್ವರ್ಟರ್ ಅಲ್ಲ ಮಾಮೂಲಿದು. ಮಧ್ಯ ಒಂದು ಟೈಮರ್ ಬಾಕ್ಸ್ ಇದೆ, ಆರಾರು ಗಂಟೆಗೆ ಒಂದರ ಕರೆಂಟ್ ಕಟ್ ಮಾಡಿ ಇನ್ನೊಂದಕ್ಕೆ ಕೊಡುತ್ತೆ. ಬೆಳಿಗ್ಗೆ 8ಕ್ಕೆ ಒಂದನೇದು, ಮಧ್ಯಾಹ್ನ 2ಕ್ಕೆ ಎರಡನೇದು, ರಾತ್ರಿ 8ಕ್ಕೆ ಮತ್ತೆ ಒಂದನೇದು, 2ಕ್ಕೆ ಎರಡನೇದು, ಹಿಂಗೆ. ಎರಡೂ 22ಕ್ಕೆ ಸೆಟ್.

ಮಾಮೂಲಿ ದಿನಾನೇ ರ್‍ಯಾಕ್ ಮುಂದೆ 21ರಿಂದ 28ರ ತನಕ ಮೇಲೆ ಕೆಳಗೆ ಆಡ್ತಾ ಇರುತ್ತೆ, ಅದನ್ನ ಹೆಂಗೋ ಸಹಿಸ್ಕೊಂಡಿದ್ವಿ. ಆದ್ರೆ ಮೊನ್ನೆ ಮಂಗಳವಾರ ರಾತ್ರಿ ಸ್ಟೋರೇಜ್ ತಾನಾಗೇ ಶಟ್‌ಡೌನ್ ಆಗಿದೆ. ಲಾಗ್ ನೋಡಿದ್ರೆ 2 ಗಂಟೆವರೆಗೂ ಸರಿ ಇದೆ, 2:20ಕ್ಕೆ 34, 2:50ಕ್ಕೆ 43. ನಾನು ಬೆಳಿಗ್ಗೆ 9ಕ್ಕೆ ಬಂದಾಗ ರೂಮ್ ತಣ್ಣಗಿತ್ತು, ಎಸಿ ಚೆನ್ನಾಗೇ ಓಡ್ತಿತ್ತು! ರಾತ್ರಿ ಕರೆಂಟ್ ಹೋಗಿಲ್ಲ, ಯುಪಿಎಸ್ ಲಾಗಲ್ಲಿ ಏನೂ ಇಲ್ಲ. ಮಧ್ಯಾಹ್ನ ಎರಡನೇ ಎಸಿನೂ ಓಡಿತು. ಹಂಗಾದ್ರೆ ರಾತ್ರಿ ಏನಾಯ್ತು?

ಗುಂಡಣ್ಣ77

ಸಿಂಪಲ್ ಸಾರ್, ಟನ್ ಸಾಲ್ತಿಲ್ಲ. ಸರ್ವರ್ ರೂಮಿಗೆ ಒಂದೂವರೆ ಟನ್ ಯಾರಾದ್ರೂ ಹಾಕ್ತಾರಾ, ಎರಡೆರಡು ಟನ್ ಹಾಕ್ಸಿ. ಅಲ್ಲೀವರೆಗೂ 16ಕ್ಕೆ ಇಟ್ಬಿಡಿ ಬೇಗ ತಣ್ಣಗಾಗುತ್ತೆ. ಬೇಸಿಗೇಲಿ ನಿಮ್ಮೂರು 40 ಮುಟ್ಟುತ್ತೆ, ಅದಕ್ಕೆ ಆಗಿರೋದು.

ಹಳೇ_ಮೆಕ್ಯಾನಿಕ್

ಗುಂಡಣ್ಣಾರ, ರಾತ್ರಿ 2 ಗಂಟೇಕ ಎಲ್ಲಿ 40 ಡಿಗ್ರಿ ಬಂತ್ರಿ.

ಲೆಕ್ಕ ನೋಡ್ರಿ. ಯುಪಿಎಸ್‌ನಿಂದ ಹೊರಗ ಹೋಗೋ 2.8 ಕಿಲೋವ್ಯಾಟ್ ಅಷ್ಟೂ ಕಡೀಕೆ ಶಾಖಾನ ಆಗತೈತಿ, ಎಲ್ಲೂ ಮಾಯ ಆಗಂಗಿಲ್ಲ. ಯುಪಿಎಸ್ ಅದೇ ರೂಮಿನ್ಯಾಗ ಇದ್ರ ಅದರ ಬಿಸಿ, ಗ್ವಾಡಿಯಿಂದ ಬರೋದು, ಲೈಟು, ಎಲ್ಲಾ ಕೂಡಿ ಮೂರೂವರೆ ಅಂತ ಹಿಡೀರಿ. ಒಂದು ಟನ್ ಅಂದ್ರ ಮೂರೂವರೆ ಕಿಲೋವ್ಯಾಟೇ. ಒಂದೂವರೆ ಟನ್ ಕಾಗದದ ಮ್ಯಾಲ 5.2 ಕೊಡತೈತಿ, ಮೇ ತಿಂಗಳ ಬಿಸಿಲಾಗ ಔಟ್‌ಡೋರ್ ಕಾದು ಕೂತಾಗ ಅಷ್ಟು ಬರಂಗಿಲ್ಲ, ಸ್ವಲ್ಪ ಶಕ್ತಿ ಗಾಳಿ ನೀರು ತಗಿಯೋದಕ್ಕೂ ಹೋಗತೈತಿ, ಆದ್ರೂ ನಾಕಕ್ಕ ಏನೂ ಮೋಸ ಇಲ್ಲ. ಅಂದ್ರ ಒಂದ ಎಸಿ ಸಾಕು. ಎರಡು ಟನ್ ಹಾಕಿದ್ರ ಇನ್ನೂ ಜಾಸ್ತಿ ಕಟಾಫ್ ಆಗಿ ಟೆಂಪರೇಚರ್ ಇನ್ನೂ ಕುಣೀತದ.

16ಕ್ಕ ಇಟ್ರ ಬೇಗ ತಣ್ಣಗ ಆಗಂಗಿಲ್ರಿ. ಮಾಮೂಲಿ ಎಸಿ ಕಂಪ್ರೆಸರ್‌ಗೆ ಓಡೂದು ಇಲ್ಲಾ ನಿಲ್ಲೂದು ಎರಡ ಗೊತ್ತು. 16 ಅಂದ್ರ ನಿಲ್ಲಾಂಗಿಲ್ಲ ಅಷ್ಟ, ರಾತ್ರಿ ಹೊರಗ ತಂಪಿದ್ದಾಗ ಕಾಯಿಲ್ ಮ್ಯಾಲ ಐಸ್ ಕಟ್ಟಿ ಗಾಳಿ ಬಂದ್ ಆಗತೈತಿ.

ದಾವಣಗೆರೆಯವ್ರ, ಎರಡು ಪ್ರಶ್ನೆ. ಸೋಮವಾರ ಮಂಗಳವಾರ ಎಸಿ ಹತ್ರ ಯಾರರ ಬಂದಿದ್ರೇನು? ಮತ್ತ ಎರಡನೇ ಎಸಿ ಓಡೂ ಹೊತ್ತಿನ್ಯಾಗ ಎಂಸಿಬಿ ಬಂದ್ ಮಾಡಿ ಐದು ನಿಮಿಷ ಬಿಟ್ಟು ಹಾಕ್ರಿ, ರಿಮೋಟ್ ಮುಟ್ಟಬ್ಯಾಡ್ರಿ, ತಾನಾಗೇ ಚಾಲೂ ಆಗತೈತೋ ಇಲ್ಲೋ ಹೇಳ್ರಿ.

ಕಡಲತಡಿ_ಮಾಣಿ

ಐಸ್ ಮಾತು ಬಂತಲ್ಲ, ನಮ್ಮದು ಹೇಳ್ತೇನೆ. ನಾನು ಮಂಗಳೂರು, ಇಲ್ಲಿ ಒಂದು ಸಣ್ಣ ಆಫೀಸಿನ ಸರ್ವರ್ ರೂಮ್ ಉಂಟು. ಮಳೆಗಾಲದಲ್ಲಿ ಯಾರೋ ಪುಣ್ಯಾತ್ಮರು ಕರೆಂಟ್ ಉಳಿಸುವ ಅಂತ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ರು. ಬಿಸಿ ಗಾಳಿ ಹೊರಗೆ ಹೋಯ್ತು ಸರಿ ಮಾರಾಯ್ರೆ, ಆದ್ರೆ ಅಷ್ಟೇ ಗಾಳಿ ಬಾಗಿಲ ಸಂದಿನಿಂದ ಒಳಗೆ ಬರ್ಬೇಕಲ್ಲ, ಅದು ನಮ್ಮ ಜೂನ್ ತಿಂಗಳ ಒದ್ದೆ ಗಾಳಿ. ಎಸಿ ದಿನಾ ನೀರು ತೆಗೆಯುವುದರಲ್ಲೇ ಸುಸ್ತಾಗಿ ಹೋಯ್ತು. ಎರಡೂ ಎಸಿಯ ನೀರು ಹೋಗುವುದು ಒಂದೇ ಪೈಪಿಗೆ, ಅದರಲ್ಲಿ ಪಾಚಿ ಕಟ್ಟಿ ನೀರೆಲ್ಲ ವಾಪಸ್ ಬಂದು ಇನ್‌ಡೋರಿಂದ ಟಪಟಪ ಅಂತ ಸ್ವಿಚ್ಚಿನ ಮೇಲೆ ಬಿತ್ತು. ಸ್ಟ್ಯಾಂಡ್‌ಬೈ ಹಾಕಿದ್ರೆ ಅದರಿಂದಲೂ ಅದೇ ಕಥೆ. ಈಗ ಫ್ಯಾನ್ ತೆಗೆದು ತೂತು ಮುಚ್ಚಿದ್ದೇವೆ, ಪೈಪ್ ಬೇರೆ ಬೇರೆ ಮಾಡಿದ್ದೇವೆ.

ಶಾರದಾ_ಮೈಸೂರು

ಸ್ಟ್ಯಾಂಡ್‌ಬೈ ಬಗ್ಗೆ ನಂದೂ ಒಂದು ಪ್ರಶ್ನೆ ಇತ್ತು. ನಮ್ಮನೆ ಎಸಿ ರಿಮೋಟಲ್ಲಿ ಆಫ್ ಮಾಡಿದ ಮೇಲೂ ಕೆಂಪು ಲೈಟ್ ಉರೀತಾನೇ ಇರತ್ತೆ. ನಮ್ಮೆಜಮಾನ್ರು ಅದು ಸ್ಟ್ಯಾಂಡ್‌ಬೈ, ಕರೆಂಟ್ ತಿನ್ನತ್ತೆ, ಮೇನ್ ಸ್ವಿಚ್ ತೆಗಿ ಅಂತಾರೆ. ಮೇನ್ ತೆಗೆದು ಹಾಕಿದ್ರೂ ಮತ್ತೆ ಕೆಂಪು ಲೈಟೇ ಬರತ್ತೆ, ಎಸಿ ಮಾತ್ರ ಶುರು ಆಗಲ್ಲ. ಇದಕ್ಕೆ ಬಿಲ್ ಎಷ್ಟು ಬರಬಹುದು?

ನೆಟ್‌ವರ್ಕ್_ನಾಗು

ಮೇಡಂ ಇಲ್ಲಿ ಮಾತಾಡ್ತಿರೋದು ಆ ಸ್ಟ್ಯಾಂಡ್‌ಬೈ ಅಲ್ಲ 😀 ನಿಮ್ಮದಕ್ಕೆ ತಿಂಗಳಿಗೆ ಕೆಲವೇ ರೂಪಾಯಿ, ಚಿಂತೆ ಬಿಡಿ.

ದಾವಣಗೆರೆ_ಸಿಸ್ಟಂ

ಶಾರದಾ ಮೇಡಂ, ನೀವು ಬೇರೆ ಏನೋ ಕೇಳಿದ್ರಿ, ಆದ್ರೆ ನಿಮ್ಮ ಕೆಂಪು ಲೈಟ್ ಓದಿ ನಾನು ಎದ್ದು ಹೋಗಿ ನಮ್ಮ ಅಟೆಂಡರ್‌ನ ಕೇಳಿದೆ. ಬುಧವಾರ ಮಧ್ಯಾಹ್ನ 2ಕ್ಕೆ ಎರಡನೇ ಎಸಿ ಹೆಂಗೆ ಚಾಲೂ ಆಯ್ತಪ್ಪ ಅಂದೆ. "ಕೆಂಪು ಲೈಟ್ ಇತ್ತು ಸಾ, ಸೆಕೆ ಆಗ್ತಿತ್ತು, ನಾನೇ ರಿಮೋಟ್ ಒತ್ತಿದೆ" ಅಂದ! ಎರಡು ದಿನದಿಂದ ಯಾರಿಗೂ ಹೇಳಿಲ್ಲ, ಯಾರೂ ಕೇಳೂ ಇರ್ಲಿಲ್ಲ ಬಿಡಿ.

ಮೆಕ್ಯಾನಿಕ್ ಅಣ್ಣಾವ್ರು ಕೇಳಿದ್ದೂ ಸರಿ, ಮಂಗಳವಾರ ಸಂಜೆ ಕಾಲೇಜು ಮುಗಿದ ಮೇಲೆ ಸರ್ವಿಸ್‌ನವರು ಬಂದಿದ್ರು, ಫಿಲ್ಟರ್ ತೊಳೆದು ಹೋಗೋ ಹೊತ್ತಿಗೆ ಎಂಟೂವರೆ ಆಗಿತ್ತಂತೆ. ಆ ಟೈಮಲ್ಲಿ ಓಡ್ಬೇಕಾದ್ದು ಒಂದನೇ ಎಸಿ. ಟೈಮರ್ ಬೈಪಾಸ್ ಮಾಡಿ ಎರಡನೇದನ್ನ ಹಾಕಿ ನೋಡಿ, ತಣ್ಣಗೆ ಬಂತು ಅಂತ ರಿಮೋಟಲ್ಲಿ ಆಫ್ ಮಾಡಿ, ಟೈಮರ್ ವಾಪಸ್ ಆಟೋಗೆ ಹಾಕಿ ಹೋಗಿದಾರೆ.

ಈಗ ಟೆಸ್ಟ್ ಮಾಡಿದೆ. ಓಡ್ತಿರುವಾಗ ಎಂಸಿಬಿ ತೆಗೆದು ಹಾಕಿದ್ರೆ ತಾನಾಗೇ ಚಾಲೂ ಆಗುತ್ತೆ. ರಿಮೋಟಲ್ಲಿ ಆಫ್ ಮಾಡಿ ಆಮೇಲೆ ಎಂಸಿಬಿ ತೆಗೆದು ಹಾಕಿದ್ರೆ ಬೀಪ್ ಅನ್ನುತ್ತೆ, ಕೆಂಪು ಲೈಟ್ ಬರುತ್ತೆ, ಸುಮ್ನೆ ಕೂರುತ್ತೆ.

ಹಳೇ_ಮೆಕ್ಯಾನಿಕ್

ಅದ ನೋಡ್ರಿ. ಆಟೋ ರೀಸ್ಟಾರ್ಟ್ ಅಂದ್ರ ಎಸಿ ಹೋದ ಸಲ ಹೆಂಗಿತ್ತೋ ಹಂಗ ವಾಪಸ್ ಬರತೈತಿ. ಚಾಲೂ ಇದ್ರ ಚಾಲೂ, ಬಂದ್ ಇದ್ರ ಬಂದ್. 2 ಗಂಟೇಕ ಟೈಮರ್ ಒಂದನೇದರ ಕರೆಂಟ್ ತಗದು ಎರಡನೇದಕ್ಕ ಕೊಟ್ಟೈತಿ, ಎರಡನೇದು ಬೀಪ್ ಅಂದು ಮಲಗೈತಿ. ಬೆಳಿಗ್ಗೆ 8ಕ್ಕ ಟೈಮರ್ ಮತ್ತ ಒಂದನೇದಕ್ಕ ಬಂತು, ನೀವು ಬರೂದ್ರಾಗ ರೂಮ್ ತಣ್ಣಗ. ಸರ್ವಿಸ್‌ನವನ ತಪ್ಪೂ ಅಲ್ಲ, ಎಸಿದೂ ಅಲ್ಲ.

ನನ್ನ ತಕರಾರು ಇರೋದು ಟೈಮರ್ ಮ್ಯಾಲ. ಟೈಮರ್‌ಗೆ ಕರೆಂಟ್ ಕೊಟ್ಟಿದ್ದಷ್ಟ ಗೊತ್ತು, ತಂಪಾತೋ ಇಲ್ಲೋ ಗೊತ್ತಿಲ್ಲ. ನಾಳೆ ಎರಡನೇದರ ಗ್ಯಾಸ್ ಖಾಲಿ ಆದ್ರೂ ಅದು ಹೊತ್ತಿಗೆ ಸರಿಯಾಗಿ ಒಳ್ಳೇ ಎಸಿ ಬಂದ್ ಮಾಡಿ ಕೆಟ್ಟ ಎಸಿಗೆ ಕರೆಂಟ್ ಕೊಡತೈತಿ. ಟೈಮರ್ ತಗದು ಎರಡಕ್ಕೂ ಸದಾ ಕರೆಂಟ್ ಇರಲಿ. ಒಂದನೇದು 23ಕ್ಕ ಇಡ್ರಿ, ಎರಡನೇದು 28ಕ್ಕ ಇಡ್ರಿ, ಎರಡನ್ನೂ ಚಾಲೂ ಬಿಡ್ರಿ. ಒಂದನೇದು ಸತ್ತ್ರ ರೂಮ್ ಕಾಯತೈತಿ, ಎರಡನೇದರ ಸೆನ್ಸರ್ 28 ದಾಟಿದ ಕೂಡಲೆ ಕಂಪ್ರೆಸರ್ ಎಳೀತೈತಿ. ಯಾರೂ ರಾತ್ರಿ ಎದ್ದು ಬರಬೇಕಾಗಿಲ್ಲ. ತಿಂಗಳಿಗೊಮ್ಮೆ ರಿಮೋಟಲ್ಲಿ ನಂಬರ್ ಅದಲು ಬದಲು ಮಾಡ್ರಿ, ಎರಡೂ ಸಮ ಸವೀತಾವ.

ಗುಂಡಣ್ಣ77

ಎರಡೂ ಆನ್ ಅಂದ್ರೆ ಬಿಲ್ ಡಬಲ್ ಆಗಲ್ವಾ ಸ್ವಾಮಿ?

ಹಳೇ_ಮೆಕ್ಯಾನಿಕ್

ಇಲ್ಲ. ಎರಡನೇದರ ಕಂಪ್ರೆಸರ್ ಎಳೀದೇ ಇದ್ರ ಒಳಗಿನ ಫ್ಯಾನ್ ಅಷ್ಟ ತಿರಗತೈತಿ, ಅದೊಂದು ಸಣ್ಣ ಟೇಬಲ್ ಫ್ಯಾನ್ ಇದ್ದಂಗ. ರೂಮಿನ ಶಾಖ ಎಷ್ಟೈತೋ ಅಷ್ಟ ಹೊರಗ ಹಾಕಬೇಕು, ಒಂದು ಹಾಕಲಿ ಎರಡು ಹಾಕಲಿ.

ನೆಟ್‌ವರ್ಕ್_ನಾಗು

ಮೆಕ್ಯಾನಿಕ್ ಸಾರ್ ಹೇಳಿದ್ರಲ್ಲಿ ಒಂದಕ್ಕೆ ನಾನು ಒಪ್ಪಲ್ಲ. ತಿಂಗಳಿಗೊಮ್ಮೆ ಯಾರು ನೆನಪಿಟ್ಟು ಬದಲಾಯಿಸ್ತಾರೆ, ಆರು ತಿಂಗಳು ಕಂಪ್ರೆಸರ್ ಎಳೀದೇ ಇರೋ ಎಸಿ ಬೇಕಾದ ದಿನ ಎಳೆಯುತ್ತೆ ಅಂತ ಏನು ಗ್ಯಾರಂಟಿ? ಟೈಮರ್‌ನ ಒಳ್ಳೇ ಗುಣ ಅಂದ್ರೆ ಎರಡೂ ದಿನಾ ಓಡ್ತವೆ, ಕೆಟ್ಟಿದ್ರೆ ಅವತ್ತೇ ಗೊತ್ತಾಗುತ್ತೆ. ನಾನಾಗಿದ್ರೆ ಟೈಮರ್ ಇಟ್ಕೊಂಡು, ರ್‍ಯಾಕ್ ಮುಂದೆ ಒಂದು ಥರ್ಮೋಸ್ಟ್ಯಾಟ್ ಹಾಕಿ, 29 ದಾಟಿದ್ರೆ ಕಾಂಟ್ಯಾಕ್ಟರ್ ಮೂಲಕ ಎರಡಕ್ಕೂ ಕರೆಂಟ್ ಕೊಡೋ ಹಂಗೆ ಮಾಡ್ತಿದ್ದೆ.

ಅದಕ್ಕಿಂತ ಮುಖ್ಯ, ದಾವಣಗೆರೆ ಅವರೇ, ನೀವು ಹೇಳೋ 21–28 ಕುಣಿತ ಎಸಿ ತಪ್ಪಲ್ಲ ಅನ್ಸುತ್ತೆ. ರ್‍ಯಾಕಲ್ಲಿ ಖಾಲಿ ಜಾಗ ಎಷ್ಟಿದೆ, ಮುಂದೆ ಮುಚ್ಚಿದೀರಾ? ಸರ್ವರ್‌ಗಳ ಮಧ್ಯ ಇರೋ ಖಾಲಿ ಸ್ಲಾಟ್ ಮುಂದೆ ಕೈ ಹಿಡಿದು ನೋಡಿ. ಬಿಸಿ ಗಾಳಿ ಮುಖಕ್ಕೆ ಬಂದ್ರೆ ಹಿಂದಿನ ಬಿಸಿ ಸುತ್ತಿ ಮುಂದಕ್ಕೆ ಬರ್ತಿದೆ ಅಂತ ಅರ್ಥ. ಎಸಿ ಕಟಾಫ್ ಆದ ಕೂಡಲೆ ಸರ್ವರ್ ತಾನು ಬಿಟ್ಟ ಬಿಸೀನೇ ಎಳ್ಕೊಳ್ಳುತ್ತೆ, ಒಂದೆರಡು ನಿಮಿಷದಲ್ಲಿ ನಾಕೈದು ಡಿಗ್ರಿ ಏರುತ್ತೆ.

ಸರ್ವರ್ ಒಳಗೇ ಸೆನ್ಸರ್ ಇರುತ್ತೆ, ಎಸಿ ಡಿಸ್‌ಪ್ಲೇ ನಂಬಬೇಡಿ ಅದು ನಿಮಗೆ ಸೆಟ್ ಮಾಡಿದ ನಂಬರ್ ತೋರಿಸುತ್ತೆ ಅಷ್ಟೆ. ಇದು ಐದು ನಿಮಿಷಕ್ಕೊಮ್ಮೆ ಕ್ರಾನಲ್ಲಿ ಓಡಿಸಿ:

```
(date; ipmitool sensor reading "Inlet Temp") >> /var/log/inlet.log
```

ಸೆನ್ಸರ್ ಹೆಸರು ಬೇರೆ ಇದ್ರೆ ಮೊದಲು `ipmitool sdr type temperature` ಹೊಡೆದು ನೋಡ್ಕೊಳ್ಳಿ. ಆ ಇನ್ಲೆಟ್ 18ರಿಂದ 27ರ ಒಳಗಿದ್ರೆ ಸಾಕು, ASHRAE ಹೇಳೋದೂ ಅದನ್ನೇ. 20 ಬೇಕು ಅಂತ ಹಠ ಬೇಡ, ಆದ್ರೆ ಸುಮ್ ಸುಮ್ನೆ ಕುಣೀಬಾರದು.

ಹಳೇ_ಮೆಕ್ಯಾನಿಕ್

ನಾಗು ಅವರ, ನಿಮ್ಮ ಥರ್ಮೋಸ್ಟ್ಯಾಟ್ 29ಕ್ಕ ಎರಡಕ್ಕೂ ಕರೆಂಟ್ ಕೊಡತೈತಿ, ಒಪ್ಪಿದೆ. ಮಂಗಳವಾರ ರಾತ್ರಿ ಆ ಥರ್ಮೋಸ್ಟ್ಯಾಟ್ ಇದ್ದಿದ್ರ ಒಂದನೇದು ಎದ್ದು ರೂಮ್ ಉಳಸ್ತಿತ್ತು, ಅದೂ ಖರೆ. ಆದ್ರ ಎರಡನೇದು ಕೆಂಪು ಲೈಟ್ ಹಾಕ್ಕೊಂಡು ಮಲಗಿದ್ದು ಅವತ್ತೂ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಸೆನ್ಸರ್ ಎಸಿ ಬಾಯಾಗ ಇಡ್ರಿ. ಕಂಪ್ರೆಸರ್ ಓಡಿದ್ರ ಅಲ್ಲಿ 12–14 ಡಿಗ್ರಿ ಬರಬೇಕು. ಟೈಮರ್ ಬದಲಾಗಿ ಹತ್ತು ನಿಮಿಷ ಆದ್ರೂ ಬರಲಿಲ್ಲ ಅಂದ್ರ ಆಗ ಮೆಸೇಜ್ ಬರಲಿ.

ಖಾಲಿ ಜಾಗ ಮುಚ್ಚೋ ಮಾತು ಮಾತ್ರ ನೂರಕ್ಕ ನೂರು.

ನೆಟ್‌ವರ್ಕ್_ನಾಗು

ಹೌದು, ಎಸಿ ಬಾಯಲ್ಲಿ ಸೆನ್ಸರ್ ಐಡಿಯಾ ಚೆನ್ನಾಗಿದೆ. ಇದು ನಾನು ಯೋಚಿಸಿರಲಿಲ್ಲ. ಟೈಮರ್ ವಿಷಯದಲ್ಲಿ ಮಾತ್ರ ಇನ್ನೂ ನನ್ನ ಕಡೆನೇ ಇದೀನಿ.

ದಾವಣಗೆರೆ_ಸಿಸ್ಟಂ

ಅಪ್‌ಡೇಟ್ ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಖಾಲಿ ಸ್ಲಾಟ್. ಕೈ ಹಿಡಿದು ನೋಡಿದೆ, ನಾಗು ಅವರೇ, ಹೇರ್ ಡ್ರೈಯರ್ ಇದ್ದಂಗೆ ಇತ್ತು. ನಡುವೆ ಹನ್ನೊಂದು ಸ್ಲಾಟ್ ಖಾಲಿ. ಬ್ಲಾಂಕಿಂಗ್ ಪ್ಲೇಟ್ ಆರ್ಡರ್ ಮಾಡಿದ್ರೆ ಪ್ರಿನ್ಸಿಪಾಲರ ಸಹಿ ಆಗಿ ಬರೋದು ಯಾವಾಗಲೋ, ಸದ್ಯಕ್ಕೆ ಲ್ಯಾಬಲ್ಲಿದ್ದ ಅಕ್ರಿಲಿಕ್ ಶೀಟ್ ಕತ್ತರಿಸಿ ಡಬಲ್ ಟೇಪ್ ಹಾಕಿ ಮುಚ್ಚಿದೀನಿ. ನೋಡೋಕೆ ಚೆಂದ ಇಲ್ಲ. ಆದ್ರೆ ಅವತ್ತೇ ರಾತ್ರಿ ಗ್ರಾಫಲ್ಲಿ 22.5ರಿಂದ 25.5ರ ಒಳಗೆ ಇದೆ. ಎಸಿ ಮುಟ್ಟಿಲ್ಲ, ಬರೀ ಶೀಟ್ ಹಾಕಿದ್ದು! ಇಷ್ಟು ದಿನ ಎಸಿನ ಬೈತಿದ್ದೆ.

ಆಮೇಲೆ ಮೆಕ್ಯಾನಿಕ್ ಅಣ್ಣ ಹೇಳಿದಂಗೆ ಟೈಮರ್ ಬೈಪಾಸ್ ಮಾಡಿ 23 ಮತ್ತೆ 28ಕ್ಕೆ ಇಟ್ಟೆ. ಇಲ್ಲಿ ಒಂದು ತೊಂದರೆ ಆಯ್ತು, ಎರಡನೇ ಎಸಿ 28ಕ್ಕೆ ಇದ್ರೂ ಕಂಪ್ರೆಸರ್ ಎಳೀತಾನೇ ಇತ್ತು. ಯಾಕಂದ್ರೆ ಅದು ರ್‍ಯಾಕ್ ಹಿಂಭಾಗದ ಮೇಲೆ ಗೋಡೆಲಿದೆ, ರ್‍ಯಾಕ್ ಬಿಡೋ ಬಿಸಿ ಎಲ್ಲ ಸೀದಾ ಏರಿ ಅದರ ಮೂಗಿಗೇ ಹೋಗುತ್ತೆ. ಥರ್ಮಾಮೀಟರ್ ಕೋಲಿಗೆ ಕಟ್ಟಿ ಹಿಡಿದ್ರೆ ಅಲ್ಲಿ 29, ಅದೇ ಹೊತ್ತಿಗೆ ರ್‍ಯಾಕ್ ಮುಂದೆ 24. ರಿಮೋಟಲ್ಲಿ 30ಕ್ಕೆ ಇಟ್ಟ ಮೇಲೆ ಸುಮ್ಮನಾಯ್ತು. ಅದಕ್ಕೆ ಮೇಲೆ ರಿಮೋಟಲ್ಲಿ ನಂಬರೇ ಇಲ್ಲ.

ಶನಿವಾರ ಮಧ್ಯಾಹ್ನ ಕ್ಲಾಸ್ ಇಲ್ಲದಾಗ ಒಂದನೇದರ ಎಂಸಿಬಿ ತೆಗೆದು ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ನಿಂತೆ. ಶುರುವಲ್ಲಿ ರ್‍ಯಾಕ್ ಮುಂದೆ 24.1. ನಿಮಿಷಕ್ಕೆ ಹತ್ರ ಹತ್ರ ಅರ್ಧ ಡಿಗ್ರಿ ಏರ್ತಾ ಹೋಯ್ತು. ಐದನೇ ನಿಮಿಷಕ್ಕೆ 26.4, ಅಷ್ಟೊತ್ತಿಗೆ ಹೊರಗೆ ಔಟ್‌ಡೋರ್ ಗುರ್ ಅಂತು. ಅದು ಎಳೆದ ಮೇಲೂ ಎರಡು ಮೂರು ನಿಮಿಷ ಏರಿ 27.6 ಮುಟ್ಟಿ ಇಳೀತು, ಆಮೇಲೆ 26ರ ಆಸುಪಾಸು ನಿಂತುಬಿಡ್ತು. ಅರ್ಧ ಗಂಟೆ ನೋಡಿ ಒಂದನೇದನ್ನ ವಾಪಸ್ ಹಾಕಿದೆ.

ಹಳೇ_ಮೆಕ್ಯಾನಿಕ್

ಭಾಳ ಛಲೋ ಮಾಡಿದ್ರಿ. ಎಸಿ ಸೆನ್ಸರ್ ಎಲ್ಲಿ ಮೂಗು ಹಾಕಿ ಕೂತೈತಿ ಅನ್ನೂದರ ಮ್ಯಾಲ ಈ ನಂಬರ್ ರೂಮಿಂದ ರೂಮಿಗೆ ಬ್ಯಾರೆ ಆಗತೈತಿ, ಅದಕ್ಕ ನಾನು ಹೇಳಿದ 28 ನಿಮಗ ಕೂಡಲಿಲ್ಲ. ಆದ್ರ ಅದಲು ಬದಲು ಮಾಡಿದಾಗ ಒಂದನೇದಕ್ಕ 30 ಬ್ಯಾಡ, ಅದು ತಂಪು ಜಾಗದಾಗ ಐತಿ, 30 ಆಗೂದ್ರಾಗ ರ್‍ಯಾಕ್ ಕಾದು ಹೋಗತೈತಿ. ಅದಕ್ಕ 26 ಇಟ್ಟು ಮತ್ತ ಸ್ಟಾಪ್‌ವಾಚ್ ಹಿಡೀರಿ.

ಇನ್ನೊಂದು ಮಾತು. ಎರಡೂ ಎಸಿ ಎಂಸಿಬಿ ಬ್ಯಾರೆ ಬ್ಯಾರೆ ಐತೇನು, ಫೇಸ್ ಬ್ಯಾರೆ ಐತೇನು ನೋಡ್ರಿ. ಒಂದ ಫೇಸ್ ಮ್ಯಾಲ ಎರಡೂ ಕೂತಿದ್ರ ಆ ಫೇಸ್ ಹೋದ ದಿನ ನಿಮ್ಮ ಸ್ಟ್ಯಾಂಡ್‌ಬೈನೂ ಹೋತು. ಮ್ಯಾಲ ಔಟ್‌ಡೋರ್ ಎರಡೂ ಮುಖಾಮುಖಿ ಇಟ್ಟಿಲ್ಲಲ್ಲ?

ದಾವಣಗೆರೆ_ಸಿಸ್ಟಂ

ಎಂಸಿಬಿ ಬೇರೆ ಇದೆ, ಆದ್ರೆ ಎರಡೂ ಆರ್ ಫೇಸ್ ಮೇಲೇ ಇದಾವೆ 🤦 ನಾಳೆ ಎಲೆಕ್ಟ್ರಿಷಿಯನ್ ಬರ್ತಾನೆ. ಔಟ್‌ಡೋರ್ ಅಕ್ಕಪಕ್ಕ ಇದೆ, ಮುಖಾಮುಖಿ ಅಲ್ಲ.

ಬಿಸಿಲೂರು_ರಾಯಚೂರು

ನಮ್ಮಲ್ಲೂ ಇಂಥದ್ದೇ ರೂಮ್ ಐತಿ ಆದ್ರ ಎರಡೂ ಇನ್ವರ್ಟರ್ ಎಸಿ. ಟೈಮರ್ ಬಾಕ್ಸ್ ದಿನಕ್ಕ ನಾಕು ಸಲ ಓಡೋ ಕಂಪ್ರೆಸರ್‌ದು ದಪ್ಪಂತ ಕರೆಂಟ್ ತಗೀತದ. ಬೋರ್ಡ್ ಹೋಗತೈತಿ ಅಂತಾರ ಕೆಲವರು, ಏನೂ ಆಗಂಗಿಲ್ಲ ಅಂತಾರ ಕೆಲವರು. ನಮ್ಮದು ಹೋದ ವರ್ಷ ಒಂದು ಬೋರ್ಡ್ ಹೋತು, ಟೈಮರಿಂದನೋ ವೋಲ್ಟೇಜಿಂದನೋ ಯಾರಿಗೂ ಗೊತ್ತಾಗಲಿಲ್ಲ.

ನೆಟ್‌ವರ್ಕ್_ನಾಗು

ಕರೆಂಟ್ ಕಟ್ ಮಾಡೋದರ ಬದಲು ರಿಮೋಟ್ ಸಿಗ್ನಲ್ ಕಳಿಸೋ ಕಂಟ್ರೋಲರ್ ಸಿಗುತ್ತೆ, ಇನ್ವರ್ಟರ್‌ಗೆ ಅದು ವಾಸಿ, ಎಸಿ ತನ್ನ ಪಾಡಿಗೆ ನಿಧಾನಕ್ಕೆ ನಿಲ್ಲುತ್ತೆ. ಒಂದೇ ಕಷ್ಟ, ಸಿಗ್ನಲ್ ತಲುಪಿತೋ ಇಲ್ವೋ ಅದಕ್ಕೂ ಗೊತ್ತಾಗಲ್ಲ, ಮತ್ತೆ ಎಸಿ ಬಾಯಿ ಸೆನ್ಸರೇ ಬೇಕು.

ಹಳೇ_ಮೆಕ್ಯಾನಿಕ್

ಇನ್ವರ್ಟರ್‌ದು ನನ್ನ ಅನುಭವ ಕಮ್ಮಿ, ಮಾತಾಡಂಗಿಲ್ಲ. ಮಾಮೂಲಿ ಎಸಿ ಆದ್ರ ದಿನಕ್ಕ ನಾಕು ಸಲಕ್ಕ ಏನೂ ಆಗಂಗಿಲ್ಲ, ತಗದ ಮ್ಯಾಲ ಮೂರು ನಿಮಿಷ ಬಿಟ್ಟು ಹಾಕಬೇಕು ಅಷ್ಟ.

ಗುಂಡಣ್ಣ77

ಅಂತೂ ಎರಡು ಟನ್ ಬೇಡ ಅಂತೀರಾ. ಆಯ್ತು. ಆದ್ರೆ ನಾಳೆ ಇನ್ನೆರಡು ಸರ್ವರ್ ಬಂದ್ರೆ?

ದಾವಣಗೆರೆ_ಸಿಸ್ಟಂ

ಅದು ಸರಿಯಾದ ಪ್ರಶ್ನೆ ಗುಂಡಣ್ಣ. ಯುಪಿಎಸ್‌ನಲ್ಲಿ 3.3 ದಾಟಿದ್ರೆ ಮೇ ತಿಂಗಳಲ್ಲಿ ಒಂದೇ ಎಸಿ ಸಾಕಾಗಲ್ಲ, ಆಗ ಎರಡನೇದು ಸ್ಟ್ಯಾಂಡ್‌ಬೈ ಅಲ್ಲ, ಅದೂ ದಿನಾ ದುಡಿಯೋದೇ. ಮೂರನೇದು ಕೇಳಬೇಕಾಗುತ್ತೆ, ಪ್ರಿನ್ಸಿಪಾಲರಿಗೆ ಈಗಲೇ ಪತ್ರ ಬರೆದಿಟ್ಟಿದೀನಿ.

ಸದ್ಯಕ್ಕೆ ಎರಡೂ ರಿಮೋಟ್ ನನ್ನ ಟೇಬಲ್ ಡ್ರಾದಲ್ಲಿ ಬೀಗ ಹಾಕಿದೆ. ಅಟೆಂಡರ್ ಬೇಜಾರು ಮಾಡ್ಕೊಂಡಿದಾನೆ, "ನಾನು ಒತ್ತಿದ್ದಕ್ಕೇ ಅಲ್ವಾ ಸಾ ಅವತ್ತು ಮಧ್ಯಾಹ್ನ ಉಳಿದಿದ್ದು" ಅಂತಾನೆ. ಅವನ ಮಾತೂ ನಿಜಾನೇ.